ಚಾರ್ಜಿಂಗ್ ಮೆಂಬರ್‌ಶಿಪ್: ಯೂನಿಟ್ ದರ ಇಳಿದರೂ ಬಿಲ್ ಏಕೆ ಇಳಿಯುವುದಿಲ್ಲ?

ಶಿವಮೊಗ್ಗದಲ್ಲಿ ವಿದ್ಯುತ್ ಕಾರು ಕೊಂಡವರಲ್ಲಿ ಹೆಚ್ಚಿನವರಿಗೆ ಮೊದಲ ಕೆಲವು ವಾರ ಚಾರ್ಜಿಂಗ್ ಎಂದರೆ ಮನೆಯ ಪೋರ್ಟಿಕೋದಲ್ಲಿರುವ 16 ಆಂಪಿಯರ್ ಪ್ಲಗ್ ಅಷ್ಟೇ. ರಾತ್ರಿ ಚುಚ್ಚಿಟ್ಟರೆ ಬೆಳಿಗ್ಗೆ ಭರ್ತಿ, ಖರ್ಚು ಮೆಸ್ಕಾಂ ಬಿಲ್ಲಿನಲ್ಲಿ ಸೇರಿ ಬರುತ್ತದೆ. ಬೆಂಗಳೂರಿಗೆ ಮೊದಲ ಸಲ ಹೊರಟಾಗ ಹೊಸ ಪ್ರಪಂಚವೊಂದು ಎದುರಾಗುತ್ತದೆ. ಮೊಬೈಲಿನಲ್ಲಿ ಮೂರು ನಾಲ್ಕು ಆ್ಯಪ್ ಇಳಿಸಿಕೊಳ್ಳಬೇಕು, ವಾಲೆಟ್‌ಗೆ ಹಣ ತುಂಬಬೇಕು, ಮತ್ತು ಅಷ್ಟರಲ್ಲೇ ಪರದೆಯ ಮೇಲೆ ಒಂದು ಆಹ್ವಾನ ಮೂಡುತ್ತದೆ: ತಿಂಗಳಿಗೆ ಇಷ್ಟು ಕಟ್ಟಿ ಸದಸ್ಯರಾದರೆ ಪ್ರತಿ ಯೂನಿಟ್‌ಗೆ ಇಷ್ಟು ರಿಯಾಯಿತಿ.

ಈ ಆಹ್ವಾನವನ್ನು ಒಪ್ಪಬೇಕೇ ಬೇಡವೇ ಎಂದು ತೀರ್ಮಾನಿಸಲು ಬೇಕಾದ ಲೆಕ್ಕ ಕಷ್ಟದ್ದಲ್ಲ. ಆದರೆ ಆಹ್ವಾನದಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವುದು ಯೂನಿಟ್ ದರ ಒಂದೇ. ಬಿಲ್ಲನ್ನು ನಿರ್ಧರಿಸುವ ಇನ್ನೆರಡು ಸಂಗತಿಗಳು, ಅಂದರೆ ಚಾರ್ಜ್ ಮುಗಿದ ಮೇಲೂ ಕಾರು ಅಲ್ಲೇ ನಿಂತರೆ ಬೀಳುವ ಐಡಲ್ ಶುಲ್ಕ ಮತ್ತು ರಿಯಾಯಿತಿ ಯಾವ ಬಗೆಯ ಚಾರ್ಜರ್‌ಗೆ ಅನ್ವಯಿಸುತ್ತದೆ ಎಂಬ ಮಿತಿ, ಷರತ್ತುಗಳ ಪುಟದ ಒಳಗೆ ಇರುತ್ತವೆ.

ಯೂನಿಟ್ ದರದಲ್ಲಿ ಏನೇನು ಸೇರಿದೆ

ಮನೆಯ ಕರೆಂಟ್ ಬಿಲ್ಲಿನಲ್ಲಿ ಯೂನಿಟ್ ಎಂದರೆ ಏನೋ, ಚಾರ್ಜಿಂಗ್ ಕೇಂದ್ರದಲ್ಲೂ ಅದೇ: ಒಂದು ಕಿಲೋವ್ಯಾಟ್ ಅವರ್. ಇದನ್ನು ಕಿಲೋವ್ಯಾಟ್ ಜೊತೆ ಬೆರೆಸಿಕೊಳ್ಳಬಾರದು. ಮನೆಯ ಮೇಲಿನ ನೀರಿನ ಟ್ಯಾಂಕನ್ನು ನೆನೆಸಿಕೊಂಡರೆ ವ್ಯತ್ಯಾಸ ತಿಳಿಯುತ್ತದೆ. ಟ್ಯಾಂಕಿನಲ್ಲಿ ಎಷ್ಟು ನೀರು ತುಂಬಿತು ಎಂಬುದು ಯೂನಿಟ್. ಪೈಪಿನಲ್ಲಿ ನೀರು ಎಷ್ಟು ರಭಸದಿಂದ ಬರುತ್ತಿದೆ ಎಂಬುದು ಕಿಲೋವ್ಯಾಟ್. 30 ಕಿಲೋವ್ಯಾಟ್‌ನ ಚಾರ್ಜರ್ ಪೂರ್ಣ ರಭಸದಲ್ಲಿ ಒಂದು ಗಂಟೆ ಕೊಟ್ಟರೆ 30 ಯೂನಿಟ್ ಆಗುತ್ತದೆ.

ಹಾಗಾದರೆ ಮನೆಯ ಯೂನಿಟ್‌ಗಿಂತ ಹೊರಗಿನ ಯೂನಿಟ್ ಏಕೆ ಅಷ್ಟೊಂದು ದುಬಾರಿ? ಕಾನೂನಿನ ಕಣ್ಣಿನಲ್ಲಿ ಚಾರ್ಜಿಂಗ್ ಕೇಂದ್ರ ವಿದ್ಯುತ್ ಮಾರುವ ಅಂಗಡಿಯಲ್ಲ. ಚಾರ್ಜ್ ಮಾಡಿಕೊಡುವುದು ಒಂದು ಸೇವೆ, ಅದಕ್ಕೆ ವಿದ್ಯುತ್ ಮಾರಾಟದ ಪರವಾನಗಿ ಬೇಕಿಲ್ಲ ಎಂದು ಕೇಂದ್ರ ಇಂಧನ ಸಚಿವಾಲಯ 2018ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿತು. ಯಂತ್ರ, ಜಾಗದ ಬಾಡಿಗೆ, ಟ್ರಾನ್ಸ್‌ಫಾರ್ಮರ್, ಆ್ಯಪ್ ನಡೆಸುವ ವೆಚ್ಚ ಎಲ್ಲವೂ ಆ ಸೇವೆಯ ದರದೊಳಗೆ ಸೇರುತ್ತವೆ. ಸೇವೆಯಾದ್ದರಿಂದ ಅದರ ಮೇಲೆ ಶೇ 18ರ ಜಿಎಸ್‌ಟಿಯೂ ಇದೆ. ಕೆಲವು ಆ್ಯಪ್‌ಗಳು ತೆರಿಗೆ ಸೇರಿಸಿದ ದರ ತೋರಿಸುತ್ತವೆ, ಕೆಲವು ತೆರಿಗೆ ಬಿಟ್ಟು ತೋರಿಸುತ್ತವೆ. ಎರಡು ಕಂಪನಿಗಳ ದರವನ್ನು ಅಕ್ಕಪಕ್ಕ ಇಡುವ ಮೊದಲು ಇದನ್ನು ನೋಡಿಕೊಳ್ಳದಿದ್ದರೆ ಹೋಲಿಕೆಗೆ ಅರ್ಥವಿರುವುದಿಲ್ಲ.

ಇನ್ನೊಂದು ಸಣ್ಣ ಮಾತು. ಬಿಲ್ಲು ಬರುವುದು ಚಾರ್ಜರ್‌ನ ಮೀಟರ್ ಅಳೆದ ಯೂನಿಟ್‌ಗೆ, ಬ್ಯಾಟರಿಗೆ ಸೇರಿದ ಯೂನಿಟ್‌ಗೆ ಅಲ್ಲ. ನಡುವೆ ಒಂದಿಷ್ಟು ಶಾಖವಾಗಿ ಕಳೆದುಹೋಗುತ್ತದೆ, ಬ್ಯಾಟರಿಯನ್ನು ತಂಪಾಗಿಡಲು ಮತ್ತೊಂದಿಷ್ಟು ಖರ್ಚಾಗುತ್ತದೆ. ಹಾಗಾಗಿ ಕಾರಿನ ಪರದೆ 24 ಯೂನಿಟ್ ಸೇರಿದೆ ಎಂದಾಗ ಬಿಲ್ಲಿನಲ್ಲಿ 25 ಇದ್ದರೆ ಅದು ಮೋಸವಲ್ಲ. ಪ್ಲಾನಿನ ಲೆಕ್ಕ ಹಾಕುವಾಗ ಬಿಲ್ಲಿನ ಯೂನಿಟ್ಟನ್ನೇ ಹಿಡಿಯಬೇಕು.

ಪ್ಲಾನ್ ಯಾವಾಗ ಗಿಟ್ಟುತ್ತದೆ

ಒಂದು ಉದಾಹರಣೆಯನ್ನು ಪೂರ್ತಿಯಾಗಿ ಬಿಡಿಸಿ ನೋಡೋಣ. ಇಲ್ಲಿನ ದರಗಳು ಲೆಕ್ಕದ ಅನುಕೂಲಕ್ಕೆ ಹಿಡಿದವು, ಯಾವ ಕಂಪನಿಯದ್ದೂ ಅಲ್ಲ. ಓದುಗರು ತಮ್ಮ ಆ್ಯಪ್‌ನಲ್ಲಿರುವ ದರವನ್ನು ಅದೇ ಜಾಗದಲ್ಲಿ ಕೂರಿಸಿಕೊಳ್ಳಬಹುದು.

ಗೋಪಾಳದಲ್ಲಿರುವ ಒಂದು ಕುಟುಂಬ ತಿಂಗಳಿಗೆ ಎರಡು ಬಾರಿ ಬೆಂಗಳೂರಿಗೆ ಹೋಗಿ ಬರುತ್ತದೆ ಎಂದುಕೊಳ್ಳಿ. ಕಾರಿನ ಬ್ಯಾಟರಿ 45 ಯೂನಿಟ್‌ನದು. ಹೆದ್ದಾರಿಯಲ್ಲಿ ಒಂದು ಯೂನಿಟ್‌ಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ. ಭದ್ರಾವತಿ, ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು ಹಾದು ಬೆಂಗಳೂರು ಸುಮಾರು 300 ಕಿಲೋಮೀಟರ್ ಆದ್ದರಿಂದ ಒಂದು ದಿಕ್ಕಿಗೆ 50 ಯೂನಿಟ್ ಬೇಕು. ಮನೆಯಿಂದ ಭರ್ತಿಯಾಗಿ ಹೊರಟರೂ ದಾರಿಯಲ್ಲಿ ಒಮ್ಮೆ ನಿಲ್ಲಲೇಬೇಕು. ಇವರು ಹೋಗುವಾಗ ತುಮಕೂರಿನ ಹತ್ತಿರ, ಬ್ಯಾಟರಿ ಶೇ 20ಕ್ಕೆ ಇಳಿದಾಗ ನಿಂತು 25 ಯೂನಿಟ್ ಹಾಕಿಸುತ್ತಾರೆ. ಬೆಂಗಳೂರಿನಲ್ಲಿ ತಂಗಿಯ ಮನೆಯಲ್ಲಿ ರಾತ್ರಿ ಪ್ಲಗ್ ಸಿಗುತ್ತದೆ. ಬರುವಾಗ ಕಡೂರಿನ ಬಳಿ ಮತ್ತೆ 25 ಯೂನಿಟ್. ತಿಂಗಳಿಗೆ ಒಟ್ಟು ನಾಲ್ಕು ನಿಲುಗಡೆ, 100 ಯೂನಿಟ್.

ಸದಸ್ಯರಲ್ಲದವರಿಗೆ ಯೂನಿಟ್‌ಗೆ 22 ರೂಪಾಯಿ, ಸದಸ್ಯರಿಗೆ 18, ಸದಸ್ಯತ್ವಕ್ಕೆ ತಿಂಗಳಿಗೆ 299 ಎಂದಿಟ್ಟುಕೊಂಡರೆ ಯೂನಿಟ್‌ಗೆ ಉಳಿಯುವುದು 4 ರೂಪಾಯಿ. 299ನ್ನು 4ರಿಂದ ಭಾಗಿಸಿದರೆ 75 ಯೂನಿಟ್ ಬರುತ್ತದೆ. ತಿಂಗಳಿಗೆ 75 ಯೂನಿಟ್ ಹಾಕಿಸುವ ತನಕ ಕಟ್ಟಿದ ಹಣ ಮರಳುತ್ತಿರುತ್ತದೆ ಅಷ್ಟೇ. ಲಾಭ ಶುರುವಾಗುವುದು ಅದರ ನಂತರ. ಈ ಕುಟುಂಬಕ್ಕೆ 100 ಯೂನಿಟ್‌ಗೆ 400 ರೂಪಾಯಿ ಉಳಿದು, ಪ್ಲಾನಿನ 299 ಕಳೆದು, ಕೈಯಲ್ಲಿ 101 ರೂಪಾಯಿ ನಿಲ್ಲುತ್ತದೆ.

ತೆರಿಗೆಯ ಮಾತು ಇಲ್ಲಿ ಮರಳಿ ಬರುತ್ತದೆ. 299 ಎಂಬುದು ತೆರಿಗೆ ಬಿಟ್ಟ ಮೊತ್ತವಾಗಿದ್ದು, ಯೂನಿಟ್ ದರಗಳು ಮಾತ್ರ ತೆರಿಗೆ ಸೇರಿದವಾಗಿದ್ದರೆ, ನಿಜವಾಗಿ ಕಟ್ಟುವುದು 353 ರೂಪಾಯಿ. ಆಗ ಹಣ ಮರಳಲು 75ರ ಬದಲು 88 ಯೂನಿಟ್ ಬೇಕು, ಉಳಿತಾಯ 47ಕ್ಕೆ ಇಳಿಯುತ್ತದೆ.

ಮಲೆನಾಡಿನೊಳಗೇ ಓಡಾಡುವವರಿಗೆ ಈ ಲೆಕ್ಕ ಬೇರೆಯೇ ಉತ್ತರ ಕೊಡುತ್ತದೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗಿ ಬರುವುದಾಗಲಿ, ಸಾಗರದ ಮೇಲೆ ಜೋಗಕ್ಕೆ ಹೋಗಿ ಬರುವುದಾಗಲಿ ಇಂಥ ಕಾರಿಗೆ ಮನೆಯ ಚಾರ್ಜಿನಲ್ಲೇ ಮುಗಿಯುತ್ತದೆ. ಘಾಟಿ ಹತ್ತಿದರೆ ಬ್ಯಾಟರಿ ಬರಿದಾಗುತ್ತದೆ ಎಂಬ ಅಂಜಿಕೆಯಿಂದ ಪ್ಲಾನ್ ಕೊಂಡವರನ್ನು ನಾನು ಬಲ್ಲೆ. ಆದರೆ ಒಂದೂವರೆ ಟನ್ ತೂಗುವ ಕಾರನ್ನು ಸೋಮೇಶ್ವರದಿಂದ ಆಗುಂಬೆಯ ನೆತ್ತಿಗೆ, ಅಂದರೆ ಐನೂರು ಮೀಟರಿಗೂ ಹೆಚ್ಚು ಎತ್ತರಕ್ಕೆ ಏರಿಸಲು ಸಮತಟ್ಟಿನ ಓಟಕ್ಕಿಂತ ಹೆಚ್ಚುವರಿಯಾಗಿ ಬೇಕಾಗುವುದು ಎರಡೂವರೆಯಿಂದ ಮೂರು ಯೂನಿಟ್ ಮಾತ್ರ. ಇಳಿಯುವಾಗ ಮೋಟಾರು ಬ್ರೇಕಿನಂತೆ ಕೆಲಸ ಮಾಡಿ ಅದರಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. ತಿಂಗಳಿಗೆ 20 ಅಥವಾ 30 ಯೂನಿಟ್ ಮಾತ್ರ ಹೊರಗೆ ಹಾಕಿಸುವವರು ಸದಸ್ಯರಾಗದೆ 22 ರೂಪಾಯಿಯ ದರವನ್ನೇ ಕೊಡುವುದು ಅಗ್ಗ.

ಪ್ಲಾನಿನ ಅವಧಿಯನ್ನೂ ಗಮನಿಸಬೇಕು. ಮೂವತ್ತು ದಿನಗಳ ಎಣಿಕೆ ಸಾಮಾನ್ಯವಾಗಿ ಹಣ ಕಟ್ಟಿದ ದಿನದಿಂದ ಶುರುವಾಗುತ್ತದೆ, ಮೊದಲ ಚಾರ್ಜಿನಿಂದಲ್ಲ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ತೋಟ ಬಿಟ್ಟು ಅಲುಗದ ಮನೆಯವರಿಗೆ ವರ್ಷದ ಪ್ಲಾನಿಗಿಂತ ಬೇಕಾದ ತಿಂಗಳು ಕೊಳ್ಳುವ ಪ್ಲಾನ್ ಹೊಂದುತ್ತದೆ. ತಾನಾಗಿಯೇ ನವೀಕರಣವಾಗುವ ಆಯ್ಕೆಯನ್ನು ಕೊಂಡ ದಿನವೇ ತೆಗೆದುಹಾಕುವುದು ಒಳ್ಳೆಯದು.

ಐಡಲ್ ಶುಲ್ಕ: ಚಾರ್ಜ್ ಮುಗಿದ ಮೇಲಿನ ನಿಮಿಷಗಳು

ಹಿಟ್ಟಿನ ಗಿರಣಿಯಲ್ಲಿ ರಾಗಿ ಬೀಸಿ ಮುಗಿದ ಮೇಲೂ ಒಬ್ಬರು ತಮ್ಮ ಡಬ್ಬಿಯನ್ನು ಯಂತ್ರದ ಬಾಯಿಗೇ ಇಟ್ಟು ಸಂತೆಗೆ ಹೋದರೆ ಹಿಂದೆ ನಿಂತವರೆಲ್ಲ ಕಾಯಬೇಕಾಗುತ್ತದೆ. ಗಿರಣಿಯವರಿಗೂ ಆ ಹೊತ್ತಿನಲ್ಲಿ ಕೆಲಸವಿಲ್ಲ. ಚಾರ್ಜಿಂಗ್ ಕೇಂದ್ರದ ಸಂಕಟವೂ ಇದೇ. ಹೆದ್ದಾರಿಯ ಕೇಂದ್ರದಲ್ಲಿ ಒಂದೇ ಯಂತ್ರ, ಕಾರಿಗೆ ಚುಚ್ಚುವ ಗನ್ ಎರಡೇ ಇದ್ದಾಗ ಚಾರ್ಜ್ ಮುಗಿದ ಕಾರೊಂದು ಮುಕ್ಕಾಲು ಗಂಟೆ ನಿಂತರೆ ಕೇಂದ್ರದ ಅರ್ಧ ಸಾಮರ್ಥ್ಯ ಸುಮ್ಮನೆ ಕೂತಂತೆ. ಇದನ್ನು ತಡೆಯಲೆಂದೇ ನಿಮಿಷದ ಲೆಕ್ಕದಲ್ಲಿ ಹಾಕುವ ದಂಡಕ್ಕೆ ಐಡಲ್ ಶುಲ್ಕ ಎನ್ನುತ್ತಾರೆ. ಅಮೆರಿಕದಲ್ಲಿ ಟೆಸ್ಲಾ ಕಂಪನಿ ಇದನ್ನು 2016ರ ಡಿಸೆಂಬರ್‌ನಲ್ಲಿ ಜಾರಿಗೆ ತಂದಿತು. ನಮ್ಮಲ್ಲಿ ಎಲ್ಲ ಕಂಪನಿಗಳೂ ಇದನ್ನು ವಿಧಿಸುವುದಿಲ್ಲ, ಒಂದೇ ಕಂಪನಿಯ ಎಲ್ಲ ಕೇಂದ್ರಗಳಲ್ಲೂ ಇರಲೇಬೇಕೆಂದೂ ಇಲ್ಲ.

ಈಗ ಅದೇ ಕುಟುಂಬದ ತುಮಕೂರಿನ ನಿಲುಗಡೆಗೆ ಹೋಗೋಣ. ಅಲ್ಲಿ ಐಡಲ್ ಶುಲ್ಕ ನಿಮಿಷಕ್ಕೆ 4 ರೂಪಾಯಿ, ಮೊದಲ 10 ನಿಮಿಷ ವಿನಾಯಿತಿ ಎಂದಿರಲಿ. ಕಾರು 30 ನಿಮಿಷದಲ್ಲಿ 25 ಯೂನಿಟ್ ತೆಗೆದುಕೊಂಡು ನಿಂತಿತು. ಇವರ ಊಟ ಮುಗಿಯುವಾಗ 65 ನಿಮಿಷವಾಗಿತ್ತು. ಹೆಚ್ಚಾಗಿ ನಿಂತದ್ದು 35 ನಿಮಿಷ. ವಿನಾಯಿತಿಯ 10 ಕಳೆದರೆ 25 ನಿಮಿಷಕ್ಕೆ 100 ರೂಪಾಯಿ. ವಿದ್ಯುತ್ತಿಗೆ ಸದಸ್ಯರ ದರದಲ್ಲಿ 450, ಅದಕ್ಕೆ ಈ 100 ಕೂಡಿದರೆ 550. ಇದನ್ನು 25 ಯೂನಿಟ್‌ಗೆ ಹಂಚಿದರೆ ಯೂನಿಟ್‌ಗೆ 22 ರೂಪಾಯಿ ಬೀಳುತ್ತದೆ. ಸದಸ್ಯರಲ್ಲದವರು ಸಮಯಕ್ಕೆ ಸರಿಯಾಗಿ ಕಾರು ತೆಗೆದಿದ್ದರೆ ಕೊಡುತ್ತಿದ್ದುದೂ ಇದನ್ನೇ.

ಐಡಲ್ ಶುಲ್ಕ ಸದಸ್ಯರಿಗೂ ಇತರರಿಗೂ ಒಂದೇ ಆದ್ದರಿಂದ ಇದನ್ನು ಪ್ಲಾನಿನ ದೋಷ ಎನ್ನಲಾಗದು. ಆದರೆ ರಿಯಾಯಿತಿ ಯೂನಿಟ್‌ಗೆ ಮಾತ್ರ, ನಿಮಿಷಕ್ಕೆ ಇಲ್ಲ ಎಂಬುದು ತಿಳಿದಿರಬೇಕು. ಶೇ 18ರಷ್ಟು ಕಡಿಮೆ ದರಕ್ಕೆ ಕೊಂಡೆವು ಎಂದು ನಂಬಿದವರ ಒಂದು ತಿಂಗಳ ನಿವ್ವಳ ಉಳಿತಾಯ, ಅಂದರೆ 101 ರೂಪಾಯಿ, ಒಂದೇ ಊಟದಲ್ಲಿ ಹೋಗುತ್ತದೆ.

ವಿನಾಯಿತಿಯ ನಿಮಿಷಗಳಲ್ಲೂ ಎರಡು ಬಗೆ ಇವೆ. ಒಂದರಲ್ಲಿ ಮೊದಲ 10 ನಿಮಿಷವನ್ನು ಎಲ್ಲರಿಗೂ ಕಳೆಯುತ್ತಾರೆ. ಇನ್ನೊಂದರಲ್ಲಿ ಆ ಅವಧಿಯೊಳಗೆ ಕಾರು ತೆಗೆದವರಿಗೆ ಮಾತ್ರ ಮಾಫಿ. ದಾಟಿದರೆ ಮೊದಲ ನಿಮಿಷದಿಂದಲೇ ಎಣಿಕೆ. ಎರಡನೆಯದಾಗಿದ್ದರೆ ಮೇಲಿನ 100 ರೂಪಾಯಿ 140 ಆಗುತ್ತಿತ್ತು. ಷರತ್ತುಗಳಲ್ಲಿ ಈ ಒಂದು ವಾಕ್ಯವನ್ನು ಹುಡುಕಿ ಓದುವುದು ಉಳಿದ ಪುಟವನ್ನೆಲ್ಲ ಓದುವುದಕ್ಕಿಂತ ಮುಖ್ಯ ಎಂದು ನನಗನ್ನಿಸುತ್ತದೆ.

ಚಾರ್ಜ್ ಮುಗಿಯಿತು ಎಂದು ಹೇಳುವವರು ಯಾರು

ಐಡಲ್ ಎಣಿಕೆ ಯಾವ ಕ್ಷಣದಿಂದ ಶುರುವಾಗುತ್ತದೆ ಎಂಬುದರಲ್ಲೇ ಹೆಚ್ಚಿನ ಜಗಳಗಳ ಬೇರು ಇದೆ. ಅನೇಕ ಸಾರ್ವಜನಿಕ ಚಾರ್ಜರ್‌ಗಳು ತಮ್ಮ ಕಂಪನಿಯ ಸರ್ವರ್ ಜೊತೆ ಓಸಿಪಿಪಿ ಎಂಬ ಸಾಮಾನ್ಯ ಭಾಷೆಯಲ್ಲಿ ಮಾತಾಡುತ್ತವೆ. ಆ ಭಾಷೆಯಲ್ಲಿ ಗನ್‌ನ ಸ್ಥಿತಿಗೆ ನಿಗದಿತ ಹೆಸರುಗಳಿವೆ. ವಿದ್ಯುತ್ ಹರಿಯುತ್ತಿರುವಾಗ `Charging`. ಗನ್ ಕಾರಿನಲ್ಲೇ ಇದ್ದು ಕಾರು ಸಾಕೆಂದಾಗ `SuspendedEV`. ವ್ಯವಹಾರ ಮುಗಿದೂ ಗನ್ ಇನ್ನೂ ಹೊರಬಂದಿಲ್ಲದಿದ್ದರೆ `Finishing`. ಗನ್ ಹೊರಬಂದು ಮುಂದಿನವರಿಗೆ ತೆರವಾದಾಗ `Available`. ವಿದ್ಯುತ್ ನಿಂತ ಸ್ಥಿತಿಯಿಂದ ತೆರವಾದ ಸ್ಥಿತಿಯವರೆಗಿನ ಹೊತ್ತೇ ಐಡಲ್ ಸಮಯ. ಕಾರು ಭರ್ತಿಯಾಗಿದೆಯೇ ಇಲ್ಲವೇ ಎಂಬುದು ಈ ಎಣಿಕೆಗೆ ಸಂಬಂಧವಿಲ್ಲದ ಸಂಗತಿ.

ಆದ್ದರಿಂದ ಚಾರ್ಜ್ ನಿಲ್ಲುವ ಕಾರಣಗಳನ್ನು ಮೊದಲೇ ತಿಳಿದಿರಬೇಕು. ವೇಗದ ಚಾರ್ಜಿಂಗ್‌ನಲ್ಲಿ ಶೇ 80 ದಾಟಿದ ಮೇಲೆ ಬ್ಯಾಟರಿಯ ರಕ್ಷಣೆಗಾಗಿ ರಭಸ ತಗ್ಗುವುದರಿಂದ ಅನೇಕರು ಆ್ಯಪ್‌ನಲ್ಲಿ ಅಥವಾ ಕಾರಿನಲ್ಲಿ ಶೇ 80ಕ್ಕೆ ಮಿತಿ ಹಾಕಿಡುತ್ತಾರೆ. ಅಭ್ಯಾಸ ಒಳ್ಳೆಯದೇ. ಆದರೆ ಭರ್ತಿಯಾಗಲು ಇನ್ನೂ ಅರ್ಧ ಗಂಟೆ ಇದೆ ಎಂಬ ಭಾವನೆಯಲ್ಲಿ ಕಾಫಿ ಕುಡಿಯುತ್ತಾ ಕೂತವರ ಐಡಲ್ ಗಡಿಯಾರ ಶೇ 80ಕ್ಕೇ ಓಡಲು ಶುರುವಾಗಿರುತ್ತದೆ. ಮುಂಗಡ ಹಣ ತುಂಬಿಸಿಕೊಳ್ಳುವ ಆ್ಯಪ್‌ಗಳಲ್ಲಿ ವಾಲೆಟ್ ಬರಿದಾದಾಗಲೂ ಚಾರ್ಜ್ ನಿಲ್ಲುತ್ತದೆ. ಆಗ ಬೇಕಾದಷ್ಟು ಯೂನಿಟ್ಟೂ ಸಿಗದೆ, ಮೇಲೆ ನಿಮಿಷದ ದಂಡವೂ ಬಿದ್ದು ವಾಲೆಟ್ ಶೂನ್ಯಕ್ಕಿಂತ ಕೆಳಗಿಳಿಯಬಹುದು. ಬಾಕಿ ತೀರಿಸದೆ ಮುಂದಿನ ಕೇಂದ್ರದಲ್ಲಿ ಚಾರ್ಜ್ ಶುರುವಾಗುವುದಿಲ್ಲ.

ನಮ್ಮ ಕಡೆ ಮಳೆಗಾಲದಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಕಳೆದ ಆಷಾಢದಲ್ಲಿ ಸಾಗರದ ಆಚೆ ಒಂದು ಹೋಟೆಲಿನ ಅಂಗಳದ ಚಾರ್ಜರ್‌ನಲ್ಲಿ ನಾನು ಕಾರು ನಿಲ್ಲಿಸಿದ್ದೆ. ಒಂಬತ್ತು ಯೂನಿಟ್ ಆಗುವಷ್ಟರಲ್ಲಿ ಕರೆಂಟ್ ಹೋಯಿತು. ಚಾರ್ಜರ್‌ನ ಪರದೆ ಕಪ್ಪಾಯಿತು, ಗನ್ ಸಿಕ್ಕಿಕೊಂಡಿತು. ಹೋಟೆಲಿನ ಹುಡುಗ ಕೊಡೆ ಹಿಡಿದು ಬಂದು, ಕಾರಿನ ಬೀಗವನ್ನು ಎರಡು ಮೂರು ಸಲ ಹಾಕಿ ತೆಗೆದರೆ ಗನ್ ಬಿಡುತ್ತದೆ ಎಂದು ತೋರಿಸಿಕೊಟ್ಟ. ಗನ್ ತೆಗೆದು ಅದರ ಜಾಗದಲ್ಲಿ ನೇತುಹಾಕಿ ಹೊರಟೆ. ಸಂಜೆ ಶಿವಮೊಗ್ಗ ಸೇರಿದ ಮೇಲೆ ಬಂದ ಬಿಲ್ಲಿನಲ್ಲಿ 47 ನಿಮಿಷದ ಐಡಲ್ ಶುಲ್ಕ ಇತ್ತು.

ಇದು ಹೇಗಾಯಿತು ಎಂಬುದನ್ನು ಆಮೇಲೆ ಅರ್ಥಮಾಡಿಕೊಂಡೆ. ಕರೆಂಟ್ ಅಥವಾ ಮೊಬೈಲ್ ಸಿಗ್ನಲ್ ಇಲ್ಲದಾಗ ಚಾರ್ಜರ್ ಸರ್ವರ್‌ಗೆ ಏನನ್ನೂ ಹೇಳಲಾರದು. ಎಷ್ಟು ಯೂನಿಟ್ ಹೋಯಿತು ಎಂಬ ವ್ಯವಹಾರದ ಮಾಹಿತಿಯನ್ನು ಅದು ಸಮಯದ ಸಮೇತ ತನ್ನಲ್ಲಿ ಇಟ್ಟುಕೊಂಡು ಸಂಪರ್ಕ ಮರಳಿದಾಗ ಕಳಿಸುತ್ತದೆ. ಗನ್‌ನ ಸ್ಥಿತಿಯ ವಿಷಯ ಹಾಗಲ್ಲ. ಸಂಪರ್ಕ ಮರಳಿದಾಗ ಈಗ ಗನ್ ತೆರವಾಗಿದೆ ಎಂದಷ್ಟೇ ತಿಳಿಸಬೇಕೆಂಬುದು ಓಸಿಪಿಪಿಯ ಬಳಕೆಯಲ್ಲಿರುವ 1.6ನೇ ಆವೃತ್ತಿಯ ಕ್ರಮ. ಯಾವಾಗ ತೆರವಾಯಿತು ಎಂಬ ಹಳೆಯ ಸುದ್ದಿಯನ್ನು ಅದು ಕೂಡಿಡುವುದಿಲ್ಲ. ಹಾಗಾಗಿ ಸರ್ವರ್‌ನ ಲೆಕ್ಕದಲ್ಲಿ ಕಾರು ಕರೆಂಟ್ ಬರುವವರೆಗೂ ಅಲ್ಲೇ ನಿಂತಂತೆ ಆಗಬಹುದು. ನನ್ನ ವಿಷಯದಲ್ಲಿ ಆದದ್ದೂ ಇದೇ. ಗನ್ ತೆಗೆದ ಹೊತ್ತಿನಲ್ಲಿ ತೆಗೆದುಕೊಂಡಿದ್ದ ಒಂದು ಫೋಟೊ ಕಳಿಸಿದ ಮೇಲೆ ಆ ಹಣ ನಾಲ್ಕು ದಿನದಲ್ಲಿ ವಾಲೆಟ್‌ಗೆ ಮರಳಿತು. ಅಂದಿನಿಂದ ಗನ್ ನೇತುಹಾಕಿದ ಮೇಲೆ ಚಾರ್ಜರ್ ಮತ್ತು ಖಾಲಿಯಾದ ಕಾರಿನ ಬಾಯಿ ಎರಡೂ ಕಾಣುವಂತೆ ಒಂದು ಫೋಟೊ ತೆಗೆದು, ಆ್ಯಪ್‌ನಲ್ಲಿ ವ್ಯವಹಾರ ಮುಗಿದಿದೆ ಎಂದು ಕಂಡ ಮೇಲೆಯೇ ಹೊರಡುತ್ತೇನೆ.

ಪ್ಲಾನ್ ಯಾವ ಚಾರ್ಜರ್‌ಗೆ ನಡೆಯುತ್ತದೆ

ಸಾಮಾನ್ಯ ಸಾರಿಗೆ ಬಸ್ಸಿನ ಪಾಸ್ ಹಿಡಿದು ರಾಜಹಂಸ ಹತ್ತಿದರೆ ಕಂಡಕ್ಟರ್ ಪೂರ್ತಿ ಟಿಕೆಟ್ ಹರಿಯುತ್ತಾರೆ. ಎರಡೂ ಒಂದೇ ಸಂಸ್ಥೆಯ ಬಸ್ಸು, ಒಂದೇ ದಾರಿ. ಪಾಸ್ ಮಾತ್ರ ಒಂದಕ್ಕೆ ಸೇರಿದ್ದು. ಚಾರ್ಜಿಂಗ್ ಪ್ಲಾನಿನ ಮಿತಿಯೂ ಹೀಗೆಯೇ ಕೆಲಸ ಮಾಡುತ್ತದೆ.

ಮೊದಲ ಭೇದ ಎಸಿ ಮತ್ತು ಡಿಸಿ. ಎಸಿ ಚಾರ್ಜರ್ ಮನೆಯಲ್ಲಿ ಬರುವಂಥ ವಿದ್ಯುತ್ತನ್ನೇ ಕಾರಿಗೆ ಕೊಡುತ್ತದೆ. ಅದನ್ನು ಬ್ಯಾಟರಿಗೆ ಒಗ್ಗುವ ಡಿಸಿಯಾಗಿ ಬದಲಿಸುವ ಸಾಧನ ಕಾರಿನೊಳಗೇ ಇರುತ್ತದೆ. ಆ ಸಾಧನದ ಶಕ್ತಿ ಅನೇಕ ಕಾರುಗಳಲ್ಲಿ 3.3 ಅಥವಾ 7.2 ಕಿಲೋವ್ಯಾಟ್. ಹಾಗಾಗಿ ಹೋಂಸ್ಟೇಯ ಗೋಡೆಯ ಮೇಲೆ 22 ಕಿಲೋವ್ಯಾಟ್ ಎಂದು ಬರೆದ ಎಸಿ ಚಾರ್ಜರ್ ಇದ್ದರೂ ಅಂಥ ಕಾರು ತನ್ನ ಮಿತಿಯಷ್ಟನ್ನೇ ಹೀರುತ್ತದೆ. ಡಿಸಿ ಚಾರ್ಜರ್‌ನಲ್ಲಿ ಬದಲಿಸುವ ಕೆಲಸ ಹೊರಗಿನ ದೊಡ್ಡ ಪೆಟ್ಟಿಗೆಯಲ್ಲೇ ನಡೆದು ವಿದ್ಯುತ್ ನೇರವಾಗಿ ಬ್ಯಾಟರಿಗೆ ಹೋಗುವುದರಿಂದ ರಭಸ ಹೆಚ್ಚು. ಈಗಿನ ಬಹುತೇಕ ಕಾರುಗಳಿಗೆ ಎಸಿಗೆ ಟೈಪ್ 2, ಡಿಸಿಗೆ ಸಿಸಿಎಸ್ 2 ಎಂಬ ಗನ್ ಕೂರುತ್ತದೆ. ಎಸಿಗೆ ಮಾತ್ರ ರಿಯಾಯಿತಿ ಕೊಡುವ ಪ್ಲಾನ್ ಮನೆಯಲ್ಲಿ ಪ್ಲಗ್ ಇಲ್ಲದವರಿಗೆ ಉಪಯೋಗ. ಬೆಂಗಳೂರು ದಾರಿಯಲ್ಲಿ ಅರ್ಧ ಗಂಟೆ ನಿಲ್ಲುವವರಿಗೆ ಅದರಿಂದ ಏನೂ ಇಲ್ಲ.

ಡಿಸಿ ಎಂದು ಬರೆದದ್ದೆಲ್ಲವೂ ನಮ್ಮ ಕಾರಿಗೆ ಆಗುವುದಿಲ್ಲ ಎಂಬುದು ಎರಡನೆಯ ಸಂಗತಿ. ಭಾರತ್ ಡಿಸಿ 001 ಎಂಬ 15 ಕಿಲೋವ್ಯಾಟ್‌ನ ಹಳೆಯ ಚಾರ್ಜರ್‌ಗಳು ಕಡಿಮೆ ವೋಲ್ಟೇಜಿನ ಮೊದಲ ತಲೆಮಾರಿನ ಕಾರುಗಳಿಗೆಂದು ಬಂದವು. ಅವುಗಳ ಗನ್ ಬೇರೆ, ಈಗಿನ ಕಾರಿನಲ್ಲಿ ಕೂರುವುದೇ ಇಲ್ಲ. ನಮ್ಮ ಜಾಲದಲ್ಲಿ ಇಷ್ಟು ಸಾವಿರ ಚಾರ್ಜರ್ ಇವೆ ಎಂಬ ಜಾಹೀರಾತಿನ ಸಂಖ್ಯೆಯಲ್ಲಿ ಇಂಥವೂ, ನಿಧಾನದ ಎಸಿ ಪ್ಲಗ್‌ಗಳೂ ಸೇರಿರಬಹುದಾದ್ದರಿಂದ ಆ ಸಂಖ್ಯೆ ನೋಡಿ ಪ್ಲಾನ್ ಕೊಳ್ಳಬಾರದು.

ಮೂರನೆಯದು ಶಕ್ತಿಯ ಮೆಟ್ಟಿಲು, ಹೆಚ್ಚು ಜನ ಎಡವುವುದು ಇಲ್ಲೇ. ಕೆಲವು ಪ್ಲಾನ್‌ಗಳು 60 ಕಿಲೋವ್ಯಾಟ್‌ವರೆಗಿನ ಡಿಸಿಗೆ ಒಂದು ದರ, ಅದರ ಮೇಲಿನದಕ್ಕೆ ಬೇರೆ ದರ ಇಡುತ್ತವೆ, ಅಥವಾ ಮೇಲಿನದನ್ನು ರಿಯಾಯಿತಿಯಿಂದ ಹೊರಗಿಡುತ್ತವೆ. ಮೆಟ್ಟಿಲನ್ನು ನಿರ್ಧರಿಸುವುದು ಯಂತ್ರದ ಹಣೆಯ ಮೇಲೆ ಬರೆದ ಶಕ್ತಿ, ಕಾರಿಗೆ ಸಿಕ್ಕ ರಭಸವಲ್ಲ. 120 ಕಿಲೋವ್ಯಾಟ್‌ನ ಯಂತ್ರಕ್ಕೆ ಎರಡು ಗನ್ ಇದ್ದು ಪಕ್ಕದಲ್ಲಿ ಇನ್ನೊಂದು ಕಾರು ನಿಂತಿದ್ದರೆ ಶಕ್ತಿ ಹಂಚಿಹೋಗಿ 60 ಮಾತ್ರ ಸಿಗಬಹುದು. ಕಾರು ಹೆಚ್ಚೆಂದರೆ 50 ಕಿಲೋವ್ಯಾಟ್ ಹೀರುವಂಥದ್ದಾದರೆ ಪಕ್ಕ ಖಾಲಿಯಿದ್ದರೂ ಅಷ್ಟೇ. ಅಂಥ ಕಾರಿನವರು 120ರ ಗನ್ ಹಿಡಿದರೆ ವೇಗ ಹೆಚ್ಚದೆ ದರ ಮಾತ್ರ ಹೆಚ್ಚುತ್ತದೆ. ತಮ್ಮ ಕಾರು ಗರಿಷ್ಠ ಎಷ್ಟು ಕಿಲೋವ್ಯಾಟ್ ಡಿಸಿ ತೆಗೆದುಕೊಳ್ಳುತ್ತದೆ ಎಂಬ ಅಂಕಿ ಕೈಪಿಡಿಯಲ್ಲಿ ಇರುತ್ತದೆ.

ಕೊನೆಯದು ಒಡೆತನ. ಆ್ಯಪ್‌ನ ನಕಾಶೆಯಲ್ಲಿ ಕಾಣುವ ಚಾರ್ಜರ್‌ಗಳೆಲ್ಲ ಆ ಕಂಪನಿಯವೇ ಆಗಿರುವುದಿಲ್ಲ. ಕೆಲವು ಹೋಟೆಲ್ ಅಥವಾ ರೆಸಾರ್ಟಿನವರು ಹಣ ಹಾಕಿ ನಿಲ್ಲಿಸಿ ದರವನ್ನು ತಾವೇ ಗೊತ್ತುಮಾಡಿದವು. ಇನ್ನು ಕೆಲವು ಬೇರೆ ಕಂಪನಿಯವಾಗಿದ್ದು ಒಪ್ಪಂದದ ಮೇಲೆ ಈ ಆ್ಯಪ್‌ನಲ್ಲೂ ಕಾಣುತ್ತವೆ. ತೀರ್ಥಹಳ್ಳಿ, ಸಾಗರ, ಕೊಪ್ಪದ ಕಡೆಯ ಚಾರ್ಜರ್‌ಗಳನ್ನು ನೋಡುವಾಗ ಈ ಪ್ರಶ್ನೆ ಕೇಳಲೇಬೇಕು, ಏಕೆಂದರೆ ಇಂಥ ಕಡೆ ಸದಸ್ಯರ ದರ ನಡೆಯದೇ ಇರಬಹುದು. ನಮ್ಮ ಉದಾಹರಣೆಯ ಕುಟುಂಬದ ನಾಲ್ಕು ನಿಲುಗಡೆಗಳಲ್ಲಿ ಒಂದೇ ಒಂದು ಹೀಗೆ ಪ್ಲಾನಿನ ಹೊರಗೆ ಬಿದ್ದರೆ ರಿಯಾಯಿತಿ ಸಿಗುವುದು 75 ಯೂನಿಟ್‌ಗೆ. ಉಳಿತಾಯ 300, ಪ್ಲಾನಿಗೆ 299. ಲಾಭ ಒಂದು ರೂಪಾಯಿ.

ಹಾಗಾಗಿ ಹಣ ಕಟ್ಟುವ ಮುನ್ನ ಆ್ಯಪ್ ತೆರೆದು ತಾವು ನಿಜವಾಗಿ ನಿಲ್ಲುವ ನಾಲ್ಕಾರು ಜಾಗಗಳನ್ನು ಒಂದೊಂದಾಗಿ ಒತ್ತಿ ನೋಡಬೇಕು. ಗನ್‌ನ ಹೆಸರು, ಕಿಲೋವ್ಯಾಟ್, ದರ, ಐಡಲ್ ಶುಲ್ಕ ನಾಲ್ಕೂ ಅಲ್ಲಿರುತ್ತವೆ ಅಥವಾ ಇರಬೇಕು. ಸದಸ್ಯರಾದ ಮೇಲೆ ಚಾರ್ಜ್ ಶುರುಮಾಡುವ ಗುಂಡಿಯ ಮುಂಚಿನ ಪರದೆಯಲ್ಲಿ ಇಳಿಸಿದ ದರ ಕಾಣದಿದ್ದರೆ ಆ ಗನ್‌ಗೆ ಪ್ಲಾನ್ ನಡೆಯುತ್ತಿಲ್ಲ ಎಂದೇ ತಿಳಿಯಬೇಕು. ಆಮೇಲೆ ಬಿಲ್ಲಿನಲ್ಲಿ ಕಳೆಯುತ್ತಾರೆ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ಸ್ಕೂಟರ್ ಇರುವವರಿಗೆ ಒಂದು ಮಾತು. ಸ್ಕೂಟರ್‌ಗಳ ವೇಗದ ಚಾರ್ಜಿಂಗ್‌ಗೆ ಕಾರಿನ ಸಿಸಿಎಸ್ 2 ಗನ್ ಬಳಸುವುದಿಲ್ಲ. ಒಂದೇ ಮನೆಯಲ್ಲಿ ಕಾರೂ ಸ್ಕೂಟರೂ ಇದ್ದರೆ ಕಾರಿನ ಡಿಸಿ ಪ್ಲಾನಿನಿಂದ ಸ್ಕೂಟರಿಗೆ ಪ್ರಯೋಜನವಿಲ್ಲ. ಅದನ್ನು ಮನೆಯ ಪ್ಲಗ್‌ನಲ್ಲಿ ಚಾರ್ಜ್ ಮಾಡುವುದೇ ಅಗ್ಗ.

ಬಿಲ್ಲಿನಲ್ಲಿ ತಪ್ಪಿದ್ದರೆ

ಚಾರ್ಜ್ ಮುಗಿದ ಮೇಲೆ ಬರುವ ಬಿಲ್ಲಿನಲ್ಲಿ ವಿದ್ಯುತ್ತಿನ ಮೊತ್ತ, ಐಡಲ್ ಮೊತ್ತ, ತೆರಿಗೆ ಮೂರೂ ಬೇರೆ ಬೇರೆಯಾಗಿ ಇವೆಯೇ ನೋಡಿ. ಒಟ್ಟು ಮೊತ್ತ ಮಾತ್ರ ಇದ್ದರೆ ಆ್ಯಪ್‌ನಲ್ಲಿ ತೆರಿಗೆ ಬಿಲ್ ಇಳಿಸಿಕೊಳ್ಳಿ. ಅದರಲ್ಲಿ ವಿವರ ಸಿಗುತ್ತದೆ. ವಿದ್ಯುತ್ತಿನ ಮೊತ್ತವನ್ನು ಯೂನಿಟ್‌ಗಳಿಂದ ಭಾಗಿಸಿದಾಗ ಸದಸ್ಯರ ದರ ಬರದಿದ್ದರೆ ಆ ಗನ್ ಪ್ಲಾನಿನ ಹೊರಗಿತ್ತೇ ಎಂದು ಮೊದಲು ಪರಿಶೀಲಿಸಿ. ಐಡಲ್ ನಿಮಿಷ ತಪ್ಪೆನಿಸಿದರೆ ವ್ಯವಹಾರದ ಸಂಖ್ಯೆ, ಚಾರ್ಜರ್‌ನ ಸಂಖ್ಯೆ, ಗನ್ ತೆಗೆದ ಹೊತ್ತಿನ ಫೋಟೊ ಈ ಮೂರನ್ನು ಸೇರಿಸಿ ಕಂಪನಿಗೆ ಬರೆಯಿರಿ, ಮತ್ತು ಆ ಹೊತ್ತಿನಲ್ಲಿ ಚಾರ್ಜರ್ ಸಂಪರ್ಕದಲ್ಲಿತ್ತೇ ಎಂದು ನೇರವಾಗಿ ಕೇಳಿ. ಸರ್ವರ್‌ನ ದಾಖಲೆಯಲ್ಲಿ ಅದಕ್ಕೆ ಉತ್ತರ ಇರುತ್ತದೆ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು, ಅದಕ್ಕೆ ಬೇಕಾಗುವುದೂ ಇವೇ ಮೂರು ವಿವರಗಳು.